ಐದು ಅಕ್ಷರಗಳು ಹೇಳದೆ ಬಿಟ್ಟ ಮಾತು

ರಾಯಚೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮೆಹಬೂಬನಗರ, ಜಡ್ಚರ್ಲ, ಶಾದ್‌ನಗರ ದಾಟಿ ಶಂಶಾಬಾದ್ ತಲುಪುವಾಗ ಕಿಟಕಿಯ ಹೊರಗೆ ವಿಮಾನಗಳು ತೀರಾ ತಗ್ಗಿನಲ್ಲಿ ಹಾರುವುದು ಕಾಣುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ಇಲ್ಲಿ ಶುರುವಾದ ಮೇಲೆ ಊರಿನ ಚಹರೆ ಬದಲಾಯಿತು. ಈ ದಾರಿಯಲ್ಲಿ ಟ್ರಂಕು, ಹಾಸಿಗೆ ಸುರುಳಿ ಹಿಡಿದು ಇಳಿಯುವ ಕನ್ನಡದ ಹುಡುಗರಿಗೆ ಮಾತ್ರ ವಿಮಾನದ ಕಡೆ ನೋಡಲು ಪುರುಸೊತ್ತು ಕಡಿಮೆ. ಅವರು ಬಂದಿರುವುದು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಓದಲು.

ಅಂಥದೊಂದು ಹಾಸ್ಟೆಲ್ಲಿನಲ್ಲಿ ರಾತ್ರಿ ಊಟದ ನಂತರ ಒಂದು ತಾಸು ‘ಡೌಟ್’ ಕೇಳುವ ಸಮಯ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ರಾಯಚೂರು ಕಡೆಯ ಹುಡುಗನೊಬ್ಬ ನೋಟ್‌ಬುಕ್ ತೆರೆದು ನಿಂತಿದ್ದ. ಎದುರಿಗೆ ಬಳ್ಳಾರಿಯಿಂದ ಬಂದು ಇಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ನೋಟ್‌ಬುಕ್ಕಿನಲ್ಲಿದ್ದ ಲೆಕ್ಕ ಇದು:

∫ x eˣ / (1 + x)² dx

“ಮೂರು ಸಲ ಮಾಡೀನ್ರಿ ಸರ್. ರೂಲ್ ಪ್ರಕಾರನ ಮಾಡೀನಿ. ಉತ್ತರ ಬರವಲ್ದು.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಪುಟದ ಮೇಲ್ತುದಿಯಲ್ಲಿ ಐದು ಇಂಗ್ಲಿಷ್ ಅಕ್ಷರಗಳನ್ನು ಬರೆದು ಸುತ್ತ ಚೌಕ ಹಾಕಿದ್ದ. ‘ಲಿಯೇಟ್’ ಎಂಬ ಆ ಸೂತ್ರದಲ್ಲಿ ಬೀಜಗಣಿತದ ‘ಎ’ ಮೊದಲು, ಘಾತೀಯದ ‘ಇ’ ಕೊನೆಗೆ. ಹಾಗಾಗಿ x/(1 + x)² ಭಾಗವನ್ನು ಅವಕಲಿಸಲು ಆರಿಸಿಕೊಂಡಿದ್ದ, eˣ ಭಾಗವನ್ನು ಅನುಕಲಿಸಲು. ಮೊದಲ ಸಲ ಛೇದದಲ್ಲಿ (1 + x)³ ಬಂತು. ಎರಡನೆಯ ಸಲ (1 + x)⁴. ಮೂರನೆಯ ಸಲ ಇನ್ನೂ ಒಂದು ಹೆಚ್ಚಾಯಿತು. ನಿಯಮವನ್ನು ನಿಷ್ಠೆಯಿಂದ ಪಾಲಿಸಿದಷ್ಟೂ ಲೆಕ್ಕ ಊದಿಕೊಳ್ಳುತ್ತಲೇ ಹೋಯಿತು.

ಈ ಹುಡುಗನ ತಪ್ಪು ಯಾವುದು? ಅವಕಲನ ಸರಿ ಇತ್ತು, ಅನುಕಲನ ಸರಿ ಇತ್ತು, ಚಿಹ್ನೆಗಳೂ ಸರಿ ಇದ್ದವು. ಅವನಿಗೆ ಹೇಳಿಕೊಟ್ಟ ನಿಯಮ ಒಂದು ಮಾತನ್ನು ಹೇಳದೆ ಬಿಟ್ಟಿತ್ತು, ಅಷ್ಟೆ. ಅದನ್ನು ಮೊದಲು ಹೇಳಿ ಐದಕ್ಷರಗಳನ್ನು ಆಮೇಲೆ ಹೇಳಬೇಕು ಎಂಬುದೇ ಈ ಬರಹದ ವಾದ.

‘ಇಂಟಿಗ್ರೇಷನ್ ಬೈ ಪಾರ್ಟ್ಸ್’ ಅಥವಾ ಭಾಗಶಃ ಅನುಕಲನದ ಸೂತ್ರ ಚಿಕ್ಕದು:

∫ u dv = uv − ∫ v du

ಇದು ಹುಟ್ಟುವುದು ಗುಣಲಬ್ಧದ ಅವಕಲನ ನಿಯಮದಿಂದ. u ಮತ್ತು v ಎರಡನ್ನೂ ಗುಣಿಸಿ ಅವಕಲಿಸಿದರೆ u dv ಮತ್ತು v du ಎಂಬ ಎರಡು ತುಂಡುಗಳು ಬರುತ್ತವೆ. ಅವುಗಳಲ್ಲಿ ಒಂದನ್ನು ಆಚೆ ಬದಿಗೆ ಸರಿಸಿದರೆ ಮೇಲಿನ ಸೂತ್ರ ಸಿಕ್ಕಿತು. ಆದರೆ ಈ ಸೂತ್ರ ಲೆಕ್ಕವನ್ನು ಬಿಡಿಸುವುದಿಲ್ಲ. ಎಡಗಡೆ ಒಂದು ಅನುಕಲನವಿತ್ತು, ಬಲಗಡೆಯೂ ಒಂದು ಅನುಕಲನ ಉಳಿದೇ ಇದೆ. ಹಳೆಯ ಸಾಲ ತೀರಿಸಲು ಹೊಸ ಸಾಲ ತಂದ ಹಾಗೆ. ಹೊಸ ಸಾಲದ ಬಡ್ಡಿ ಕಡಿಮೆಯಿದ್ದರೆ ಉಪಾಯ ಫಲಿಸಿತು, ಹೆಚ್ಚಿದ್ದರೆ ಮನೆ ಮುಳುಗಿತು.

∫ x eˣ dx ತೆಗೆದುಕೊಳ್ಳಿ. x ಅನ್ನು u ಎಂದು ಇಟ್ಟುಕೊಂಡರೆ ಅದನ್ನು ಅವಕಲಿಸಿದಾಗ 1 ಆಗುತ್ತದೆ. eˣ ಅನುಕಲಿಸಿದರೂ eˣ ಆಗಿಯೇ ಉಳಿಯುತ್ತದೆ. ಹೊಸ ಸಾಲ ಬರೀ ∫ eˣ dx. ಉತ್ತರ x eˣ − eˣ + C. ಇದನ್ನೇ ತಿರುಗಿಸಿ eˣ ಅನ್ನು u ಮಾಡಿದರೆ x ಅನ್ನು ಅನುಕಲಿಸಬೇಕಾಗಿ ಬಂದು x²/2 ಆಗುತ್ತದೆ. ಹೊಸ ಸಾಲ ∫ (x²/2) eˣ dx. x ಇದ್ದ ಕಡೆ x² ಬಂತು, ಅಸಲಿಗಿಂತ ದೊಡ್ಡ ಸಾಲ.

ಹೀಗಾಗಿ u ಯಾವುದು ಎಂದು ಆರಿಸುವಾಗ ಕೇಳಬೇಕಾದವು ಎರಡೇ ಪ್ರಶ್ನೆಗಳು. ಉಳಿದ ಭಾಗವನ್ನು, ಅಂದರೆ dv ಅನ್ನು, ನನಗೆ ಅನುಕಲಿಸಲು ಬರುತ್ತದೆಯೇ? ಅನುಕಲಿಸಿದ ನಂತರ ಬರುವ ∫ v du ಮೊದಲಿನದಕ್ಕಿಂತ ಹಗುರವೇ? ಲಿಯೇಟ್ ಈ ಎರಡು ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರಗಳ ಪಟ್ಟಿ. ಹುಡುಗನ ನೋಟ್‌ಬುಕ್ಕಿನಲ್ಲಿ ಉತ್ತರಗಳಿದ್ದವು, ಪ್ರಶ್ನೆಗಳಿರಲಿಲ್ಲ.

ಪಟ್ಟಿ ಹೀಗಿದೆ: ಎಲ್ ಎಂದರೆ ಲಾಗರಿದಮ್, ಐ ಎಂದರೆ ವಿಲೋಮ ತ್ರಿಕೋನಮಿತಿ, ಅಂದರೆ tan⁻¹x ಥರದವು. ಎ ಎಂದರೆ x, x² ಮುಂತಾದ ಬೀಜಗಣಿತದ ಪದಗಳು. ಟಿ ಎಂದರೆ sin x, cos x. ಇ ಎಂದರೆ eˣ. ಲೆಕ್ಕದಲ್ಲಿರುವ ಎರಡು ಭಾಗಗಳಲ್ಲಿ ಯಾವುದು ಈ ಸಾಲಿನಲ್ಲಿ ಮುಂದೆ ಬರುತ್ತದೋ ಅದು u, ಅದನ್ನು ಅವಕಲಿಸು. ಹಿಂದೆ ಬರುವುದು dv, ಅದನ್ನು ಅನುಕಲಿಸು.

ಈ ಕ್ರಮ ಯಾಕೆ ಹೀಗಿದೆ ಎಂದು ಕೇಳಿದರೆ ಪಟ್ಟಿ ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಮೊದಲ ಇಬ್ಬರನ್ನು ನೋಡಿ. ln x ಅವಕಲಿಸಿದರೆ 1/x, tan⁻¹x ಅವಕಲಿಸಿದರೆ 1/(1 + x²). ಎರಡೂ ತಮ್ಮ ವೇಷ ಕಳಚಿ ಸಾದಾ ಬೀಜಗಣಿತದ ಪದಗಳಾಗಿಬಿಡುತ್ತವೆ. ಅನುಕಲಿಸಲು ಹೋದರೆ ಮಾತ್ರ ಮೊದಲಿಗಿಂತ ಉದ್ದವಾಗುತ್ತವೆ: ln x ಹೋಗಿ x ln x − x ಆಗುತ್ತದೆ. ಆದ್ದರಿಂದ ಅವುಗಳನ್ನು ಅವಕಲಿಸುವುದೇ ಲಾಭ. ಕೊನೆಯ ಇಬ್ಬರ ಸ್ವಭಾವ ಬೇರೆ. sin x ಮತ್ತು eˣ ಅನ್ನು ಎಷ್ಟು ಸಲ ಅನುಕಲಿಸಿದರೂ ಉದ್ದವಾಗುವುದಿಲ್ಲ, ಅದೇ ಕುಟುಂಬದಲ್ಲಿ ಸುತ್ತುತ್ತವೆ. ಅವು dv ಆಗಲು ಯೋಗ್ಯ. ನಡುವೆ ಇರುವ x, x² ಥರದವು ಅವಕಲಿಸಿದಾಗ ಒಂದೊಂದೇ ಘಾತ ಇಳಿಯುತ್ತವೆ, ಅನುಕಲಿಸಿದಾಗ ಒಂದೊಂದೇ ಏರುತ್ತವೆ. ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅವುಗಳ ಪಾತ್ರ. eˣ ಜೊತೆಗಿದ್ದರೆ ತಾವು ಇಳಿಯಬೇಕು, ln x ಜೊತೆಗಿದ್ದರೆ ತಾವು ಒಂದು ಘಾತ ಏರಿ ln x ಗೆ ದಾರಿ ಬಿಡಬೇಕು.

ಈ ಪಟ್ಟಿಯನ್ನು ಹರ್ಬರ್ಟ್ ಕಸೂಬ್ ಎಂಬ ಗಣಿತದ ಅಧ್ಯಾಪಕರು 1983ರಲ್ಲಿ ‘ಅಮೆರಿಕನ್ ಮ್ಯಾಥಮ್ಯಾಟಿಕಲ್ ಮಂತ್ಲಿ’ ಪತ್ರಿಕೆಯ ಪುಟ್ಟ ಟಿಪ್ಪಣಿಯೊಂದರಲ್ಲಿ ಮುಂದಿಟ್ಟರು. ಅದು ತರಗತಿಗೆ ನೆರವಾಗುವ ಒಂದು ಉಪಾಯವಾಗಿತ್ತೇ ಹೊರತು ಸಾಧಿಸಿ ತೋರಿಸಿದ ಪ್ರಮೇಯವಲ್ಲ. ನಮ್ಮ ಕೋಚಿಂಗ್ ಕೋಣೆಗಳಲ್ಲಿ ಹೆಚ್ಚಾಗಿ ಕೇಳುವುದು ಅದರ ಅಣ್ಣತಮ್ಮ ‘ಐಲೇಟ್’. ಅದರಲ್ಲಿ ಐ ಮತ್ತು ಎಲ್ ಜಾಗ ಬದಲಾಯಿಸಿಕೊಂಡಿವೆ.

ಯಾವುದು ಸರಿ ಎಂದು ಹಾಸ್ಟೆಲ್ಲುಗಳಲ್ಲಿ ವಾದವೂ ನಡೆಯುತ್ತದೆ. ಈ ವಾದದಲ್ಲಿ ಹುರುಳಿಲ್ಲ. ಲಾಗ್ ಮತ್ತು ವಿಲೋಮ ತ್ರಿಕೋನಮಿತಿ ಎದುರುಬದುರಾಗುವ ಅತಿ ಸರಳ ಲೆಕ್ಕ ∫ ln x · tan⁻¹x dx. ಅದನ್ನು ಯಾವ ಕ್ರಮದಲ್ಲಿ ಮಾಡಿದರೂ ಕೊನೆಗೆ ln(1 + x²)/x ಎಂಬುದರ ಅನುಕಲನಕ್ಕೆ ಬಂದು ನಿಲ್ಲುತ್ತೇವೆ. ಪಠ್ಯಪುಸ್ತಕದಲ್ಲಿರುವ ಯಾವ ಫಂಕ್ಷನ್‌ಗಳನ್ನು ಜೋಡಿಸಿದರೂ ಅದರ ಉತ್ತರ ಬರೆಯಲಾಗದು. ಮುಗಿಯದ ಲೆಕ್ಕಕ್ಕೆ ಯಾರು ಮೊದಲು ಹೋದರೇನು?

ಕೊನೆಯ ಎರಡು ಅಕ್ಷರಗಳದ್ದೂ ಇದೇ ಕಥೆ. ∫ eˣ sin x dx ಮಾಡುವಾಗ sin x ಅನ್ನು u ಮಾಡಬಹುದು, eˣ ಅನ್ನೂ ಮಾಡಬಹುದು. ಎರಡು ಸಲ ಸೂತ್ರ ಹಾಕಿದರೆ ಹೊರಟ ಲೆಕ್ಕವೇ ಬಲಗಡೆ ಮೈನಸ್ ಚಿಹ್ನೆ ಹೊತ್ತು ಮತ್ತೆ ಬರುತ್ತದೆ. ಅದನ್ನು ಎಡಕ್ಕೆ ಸರಿಸಿ ಎರಡರಿಂದ ಭಾಗಿಸಿದರೆ ಮುಗಿಯಿತು. ಇಲ್ಲಿ ಆಯ್ಕೆಗಿಂತ ಮುಖ್ಯವಾದುದು ಆಯ್ಕೆಗೆ ಅಂಟಿಕೊಳ್ಳುವುದು. ಮೊದಲ ಸಲ sin x ಅನ್ನು u ಮಾಡಿ, ಎರಡನೆಯ ಸಲ eˣ ಅನ್ನು u ಮಾಡಿದರೆ, ಮೊದಲ ಹೆಜ್ಜೆಯಲ್ಲಿ ಮಾಡಿದ್ದನ್ನು ಎರಡನೆಯ ಹೆಜ್ಜೆ ಅಳಿಸಿಹಾಕುತ್ತದೆ. ಕೊನೆಗೆ ಸಿಗುವ ಸಮೀಕರಣ I = I. ಹೋದ ದಾರಿಯಲ್ಲೇ ವಾಪಸು ಬಂದು ಮನೆ ಬಾಗಿಲಲ್ಲಿ ನಿಂತ ಹಾಗೆ. ಪುಟದಲ್ಲಿ I = I ಕಂಡರೆ ತಪ್ಪು ಎಲ್ಲಿದೆ ಎಂದು ಇನ್ನು ಹುಡುಕಬೇಕಿಲ್ಲ, ನಡುವೆ ಪಾತ್ರ ಅದಲುಬದಲಾಗಿದೆ.

ಇಲ್ಲಿಯವರೆಗಿನದು ಪಟ್ಟಿಯ ಕ್ರಮದ ಮಾತಾಯಿತು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಲಿಯೇಟ್ ಒಂದು ಸಂಗತಿಯನ್ನು ಮೊದಲೇ ಊಹಿಸಿಕೊಂಡಿದೆ: ಲೆಕ್ಕ ಈಗಾಗಲೇ ಎರಡು ತುಂಡಾಗಿದೆ, ಯಾವ ತುಂಡು ಮೊದಲು ಎಂದು ಹೇಳುವುದಷ್ಟೇ ಬಾಕಿ. ಭಾಷೆ ಓದುವವರಿಗೆ ಈ ತೊಡಕು ಪರಿಚಿತ. ಹಳಗನ್ನಡದ ಒಂದು ಸಾಲನ್ನು ಎಲ್ಲಿ ಕಡಿಯಬೇಕು ಎಂದು ತಿಳಿಯದವನಿಗೆ ಪದಗಳ ವ್ಯಾಕರಣ ಎಷ್ಟು ಗೊತ್ತಿದ್ದರೂ ಅರ್ಥ ದಕ್ಕುವುದಿಲ್ಲ. ಮೊದಲು ಬಿಡಿಸಬೇಕು, ಆಮೇಲೆ ಯಾವುದು ಯಾವ ಪದ ಎಂದು ಹೇಳಬೇಕು. ಹುಡುಗನ ಲೆಕ್ಕದಲ್ಲಿ ಇದ್ದವರು ಇಬ್ಬರಲ್ಲ, ಮೂವರು: x, eˣ ಮತ್ತು 1/(1 + x)². ಪಟ್ಟಿ ಅವನಿಗೆ ಬೀಜಗಣಿತದವರನ್ನೆಲ್ಲ ಒಂದು ಕಡೆ, ಘಾತೀಯದವರನ್ನು ಇನ್ನೊಂದು ಕಡೆ ನಿಲ್ಲಿಸಲು ಹೇಳಿತು. ಹಾಗೇ ಕಡಿಯಬೇಕೆಂದು ಗಣಿತ ಎಲ್ಲೂ ಹೇಳಿಲ್ಲ.

ಆ ರಾತ್ರಿ ಮೇಷ್ಟ್ರು ಮಾಡಿದ್ದೂ ಇದನ್ನೇ. ಲೆಕ್ಕ ಬಿಡಿಸಲಿಲ್ಲ. ಚೌಕದೊಳಗಿನ ಐದಕ್ಷರಗಳ ಮೇಲೆ ಅಂಗೈ ಇಟ್ಟು ಮುಚ್ಚಿದರು.

“ಇದನ್ನ ಮರ್ತುಬಿಡು ತಮ್ಮಾ. ಇದರಾಗ ಕಣ್ಣು ಮುಚ್ಚಿ ಇಂಟಿಗ್ರೇಟ್ ಮಾಡಬಹುದಾದ್ದು ಯಾವುದು ಹೇಳು.”

“eˣ ಸರ್.”

“ಅದನ್ನ ನೋಡಿದಿ, ಕೆಲಸ ಆಗಲಿಲ್ಲ. ಇನ್ಯಾವುದು?”

ಹುಡುಗ ಸ್ವಲ್ಪ ಹೊತ್ತು ನೋಡಿದ. “1/(1 + x)². ಅದು −1/(1 + x) ಆಗ್ತದ.”

“ಅದನ್ನ ಬಾಜೂಕ ಇಡು. ಉಳಿದಿದ್ದು?”

“x eˣ.”

“ಡಿಫರೆನ್ಷಿಯೇಟ್ ಮಾಡು.”

x eˣ ಅವಕಲಿಸಿದರೆ eˣ + x eˣ, ಅಂದರೆ (1 + x) eˣ. ಬರೆದ ಕೂಡಲೇ ಹುಡುಗನ ಪೆನ್ನು ನಿಂತಿತು. ಹೊಸ ಅನುಕಲನದಲ್ಲಿ v ಭಾಗದ ಛೇದದಲ್ಲಿ 1 + x, du ಭಾಗದ ಅಂಶದಲ್ಲೂ 1 + x. ಎರಡೂ ಹೊಡೆದುಹೋದವು:

∫ x eˣ / (1 + x)² dx = −x eˣ/(1 + x) + ∫ eˣ dx

ಉಳಿದದ್ದು ∫ eˣ dx ಮಾತ್ರ. ಸೇರಿಸಿ ಸರಳಗೊಳಿಸಿದರೆ ಉತ್ತರ eˣ/(1 + x) + C. ಪಟ್ಟಿಯಲ್ಲಿ ಕಟ್ಟಕಡೆಯಲ್ಲಿ ನಿಂತಿರುವ, ಯಾವತ್ತೂ ಅನುಕಲಿಸಬೇಕಾದ eˣ ಇಲ್ಲಿ ಅವಕಲಿಸುವ ಬದಿಗೆ ಬಂದಿತು, ಹಾಗೆ ಬಂದದ್ದರಿಂದಲೇ ಲೆಕ್ಕ ಒಂದೇ ಹೆಜ್ಜೆಯಲ್ಲಿ ಮುಗಿಯಿತು.

ಈ ಲೆಕ್ಕ ಯಾವುದೋ ವಿಚಿತ್ರ ಮೂಲೆಯಿಂದ ಹೆಕ್ಕಿ ತಂದದ್ದಲ್ಲ. ಕರ್ನಾಟಕದ ಪಿಯುಸಿ ಮಕ್ಕಳೂ ಓದುವ ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿ ಪುಸ್ತಕದ ಅಭ್ಯಾಸದಲ್ಲೇ ಇದೆ. ಅಲ್ಲಿ ಇದನ್ನು ಬಿಡಿಸಲು ಬೇರೊಂದು ದಾರಿ ಇದೆ: eˣ ಪಕ್ಕದಲ್ಲಿ ಒಂದು ಫಂಕ್ಷನ್ ಮತ್ತು ಅದರದೇ ಅವಕಲನ ಎರಡೂ ಕೂಡಿ ನಿಂತಿದ್ದರೆ ಉತ್ತರ eˣ f(x) ಎಂಬ ಸೂತ್ರ. x ಅನ್ನು (1 + x) − 1 ಎಂದು ಬರೆದುಕೊಂಡರೆ 1/(1 + x) ಮತ್ತು ಅದರ ಅವಕಲನ −1/(1 + x)² ಕಣ್ಣಿಗೆ ಬೀಳುತ್ತವೆ. ಸೊಗಸಾದ ದಾರಿಯೇ. ಆದರೆ ಕೋಚಿಂಗ್ ಕೋಣೆಯಲ್ಲಿ ಅದು ಬರುವುದು ಇನ್ನೊಂದು ಚೌಕದೊಳಗಿನ ಸೂತ್ರವಾಗಿ. ಮೊದಲ ನಿಯಮದ ಸಂದಿಯನ್ನು ಮುಚ್ಚಲು ಎರಡನೆಯ ನಿಯಮ. ಅದಕ್ಕೂ ಸಂದಿ ಕಂಡರೆ ಮೂರನೆಯದು. ಈ ಸೂತ್ರವೂ ಭಾಗಶಃ ಅನುಕಲನದಿಂದಲೇ ಹುಟ್ಟಿದ್ದು ಎಂಬುದು ಹುಡುಗನಿಗೆ ಕಾಣುವುದೇ ಇಲ್ಲ.

ಇನ್ನೊಂದು ಬದಿಯನ್ನೂ ಹೇಳಬೇಕು. ನಿಯಮ ಮುರಿದರೆ ಲೆಕ್ಕ ಕೆಡಲೇಬೇಕೆಂದಿಲ್ಲ. ∫ x ln x dx ನಲ್ಲಿ ಪಟ್ಟಿಯ ಪ್ರಕಾರ ln x ಅನ್ನು ಅವಕಲಿಸಬೇಕು. ಹಟಕ್ಕೆ ಬಿದ್ದು x ಅನ್ನು ಅವಕಲಿಸಿ, ln x ಅನ್ನು x ln x − x ಎಂದು ಅನುಕಲಿಸಿದರೆ ಏನಾಗುತ್ತದೆ? ಬಲಗಡೆ ಹೊರಟ ಲೆಕ್ಕವೇ ಮೈನಸ್ ಚಿಹ್ನೆಯೊಂದಿಗೆ ತಿರುಗಿ ಬರುತ್ತದೆ. ಎಡಕ್ಕೆ ಸರಿಸಿ ಭಾಗಿಸಿದರೆ ಅದೇ ಉತ್ತರ, (x²/2) ln x − x²/4 + C. ದಾರಿ ಸ್ವಲ್ಪ ಸುತ್ತು, ಊರು ಅದೇ. ಪಟ್ಟಿಯನ್ನು ಮೀರಿದ್ದಕ್ಕೆ ಅಂಕ ಕಡಿಯುವ ಮೇಷ್ಟ್ರು ಇದ್ದರೆ ಅವರು ಕಡಿಯುತ್ತಿರುವುದು ಗಣಿತದ ಅಂಕವನ್ನಲ್ಲ, ವಿಧೇಯತೆಯ ಅಂಕವನ್ನು.

ನೆನಪಿನ ಸೂತ್ರಗಳೇ ಬೇಡ ಎಂದು ಇದರ ಅರ್ಥವಲ್ಲ. ಕನ್ನಡ ಶಾಲೆಗಳಲ್ಲಿ ಓದಿದ ಯಾರಿಗೂ ‘ಯಮಾತಾರಾಜಭಾನಸಲಗಂ’ ಮರೆತುಹೋಗಿರಲಾರದು. ಅಕ್ಷರಗಣಗಳನ್ನು ನೆನಪಿಡಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅದರ ಹೆಚ್ಚುಗಾರಿಕೆ ಚಿಕ್ಕದಾಗಿರುವುದರಲ್ಲಿಲ್ಲ. ಯ ಗಣ ಯಾವುದು ಎಂದು ಸಂಶಯ ಬಂದರೆ ‘ಯ’ದಿಂದ ಮೂರು ಅಕ್ಷರ ಓದಿದರೆ ಸಾಕು: ಯ-ಮಾ-ತಾ, ಲಘು-ಗುರು-ಗುರು. ಜ ಗಣ ಬೇಕಾದರೆ ಜ-ಭಾ-ನ, ಲಘು-ಗುರು-ಲಘು. ಹೆಸರನ್ನು ಹೇಳುತ್ತಲೇ ಅದು ವಿನ್ಯಾಸವನ್ನೂ ತೋರಿಸುತ್ತದೆ. ಕಲಿತವನು ಪರೀಕ್ಷೆ ಮಾಡಿ ನೋಡಬಲ್ಲ, ತಪ್ಪಿದರೆ ತಾನೇ ತಿದ್ದಿಕೊಳ್ಳಬಲ್ಲ.

ಲಿಯೇಟ್ ಹಾಗಲ್ಲ. ಆ ಐದಕ್ಷರಗಳನ್ನು ಎಷ್ಟು ದಿಟ್ಟಿಸಿದರೂ ಲಾಗ್ ಯಾಕೆ ಮೊದಲು ಎಂಬುದು ಅವುಗಳಲ್ಲಿ ಕಾಣುವುದಿಲ್ಲ. ಬಾಯಲ್ಲಿ ತಿರುಗುಮುರುಗಾದರೆ ಸರಿಪಡಿಸಿಕೊಳ್ಳುವ ಹಿಡಿತವೂ ಇಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಇನ್ನೂ ಒಂದು ಪರದೆ ಅಡ್ಡ ಬರುತ್ತದೆ. ‘ಎ’ ಎಂದರೆ ಯಾವ ಇಂಗ್ಲಿಷ್ ಪದ, ಆ ಪದ ಎಂದರೆ ಯಾವ ಫಂಕ್ಷನ್ ಎಂದು ಎರಡು ಸಲ ಅನುವಾದಿಸಿಕೊಂಡು ಲೆಕ್ಕಕ್ಕೆ ಬರಬೇಕು. ‘ಯಾವುದು ಸುಲಭವಾಗಿ ಅನುಕಲನ ಆಗುತ್ತದೆ, ಉಳಿದದ್ದು ಹಗುರಾಗುತ್ತದೆಯೇ’ ಎಂಬ ಪ್ರಶ್ನೆಗೆ ಅನುವಾದದ ತೊಂದರೆ ಇಲ್ಲ. ಬಳ್ಳಾರಿಯ ಮಾತಿನಲ್ಲೂ ಕೇಳಬಹುದು, ತೆಲುಗಿನಲ್ಲೂ ಕೇಳಬಹುದು.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ತೆಲಂಗಾಣದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ ಮೂರು ಗಂಟೆಗೆ 160 ಪ್ರಶ್ನೆಗಳು. ಒಂದಕ್ಕೆ ಒಂದು ನಿಮಿಷ ಚಿಲ್ಲರೆ. ಕೂತು ವಿಚಾರ ಮಾಡಲು ಅಲ್ಲಿ ಸಮಯವೆಲ್ಲಿ? ಐದಕ್ಷರ ನೆನಪಿದ್ದರೆ ಕೈ ತಾನಾಗಿ ಓಡುತ್ತದೆ ಎಂದು ಹೇಳಿಕೊಡುವವರು ಹೇಳುತ್ತಾರೆ. ಹತ್ತರಲ್ಲಿ ಹೆಚ್ಚಿನ ಲೆಕ್ಕಗಳಿಗೆ ಅದು ನಿಜವೂ ಹೌದು. x² sin x, x tan⁻¹x, x³ ln x ಇವುಗಳಿಗೆ ಪಟ್ಟಿ ಎಂದೂ ಕೈಕೊಡುವುದಿಲ್ಲ.

ಆದರೆ ಸಮಯ ಕಡಿಮೆ ಇರುವಾಗಲೇ ನಿಲ್ಲುವುದು ಯಾವಾಗ ಎಂದು ಗೊತ್ತಿರಬೇಕು. ಹುಡುಗ ಮೂರು ಸಲ ಸೂತ್ರ ಹಾಕಿದ್ದು ಯಾಕೆ? ದಾರಿ ತಪ್ಪಿದೆ ಎಂದು ಹೇಳುವ ಗುರುತು ಅವನ ಬಳಿ ಇರಲಿಲ್ಲ. ಪಟ್ಟಿ ‘ಹೋಗು’ ಎನ್ನುತ್ತದೆ, ‘ನಿಲ್ಲು’ ಎನ್ನುವುದಿಲ್ಲ. ಎರಡು ಪ್ರಶ್ನೆ ಕಲಿತವನು ಮೊದಲ ಹೆಜ್ಜೆಯಲ್ಲೇ ಛೇದ (1 + x)² ಇದ್ದದ್ದು (1 + x)³ ಆದದ್ದನ್ನು ನೋಡಿ, ಸಾಲ ಬೆಳೆಯಿತು ಎಂದು ಪೆನ್ನು ಎತ್ತಿಬಿಡುತ್ತಾನೆ. ಅಲ್ಲಿ ಉಳಿದ ಎರಡು ನಿಮಿಷ ಇನ್ನೊಂದು ಪ್ರಶ್ನೆಗೆ ಸಿಗುತ್ತದೆ. ಪಟ್ಟಿ ಬೇಡವೆಂದಲ್ಲ. ಹತ್ತು ಹದಿನೈದು ಲೆಕ್ಕಗಳನ್ನು ಪ್ರಶ್ನೆ ಕೇಳುತ್ತಾ ಬಿಡಿಸಿದ ಮೇಲೆ, ಅವುಗಳಲ್ಲಿ ಯಾವುದು ಯಾವಾಗಲೂ u ಆಯಿತು ಎಂದು ಮಕ್ಕಳಿಂದಲೇ ಪಟ್ಟಿ ಬರೆಸಬಹುದು. ಆಗ ಅದು ಅವರದೇ ಅನುಭವದ ಸಾರಾಂಶ. ಮೊದಲ ದಿನವೇ ಹಲಗೆಯ ಮೇಲೆ ಬರೆದರೆ ಮೇಲಿನಿಂದ ಬಂದ ಆಜ್ಞೆ.

ಆ ರಾತ್ರಿ ಎದ್ದು ಹೋಗುವ ಮುಂಚೆ ಮೇಷ್ಟ್ರು ಇನ್ನೊಂದು ಲೆಕ್ಕ ಬರೆದುಕೊಟ್ಟರು:

∫ x³ e^(x²) dx

ಪಟ್ಟಿಯ ಪ್ರಕಾರ x³ ಅವಕಲಿಸಬೇಕು, e^(x²) ಅನುಕಲಿಸಬೇಕು. ಹುಡುಗ ಅಭ್ಯಾಸಬಲದಿಂದ ಹಾಗೇ ಶುರುಮಾಡಿ, ಮೊದಲ ಪ್ರಶ್ನೆಗೇ ತಡವರಿಸಿದ. e^(x²) ಅನುಕಲಿಸಲು ಬರುತ್ತದೆಯೇ? ಅವನಿಗಲ್ಲ, ಯಾರಿಗೂ ಬರುವುದಿಲ್ಲ. ಅದರ ಅನುಕಲನವನ್ನು ಪಠ್ಯದ ಫಂಕ್ಷನ್‌ಗಳಲ್ಲಿ ಬರೆಯಲಾಗದೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಲಿಯುವಿಲ್ ಬೆಳೆಸಿದ ಸಿದ್ಧಾಂತದಿಂದ ಸಾಧಿತವಾಗಿದೆ. ಆದರೆ ಪಕ್ಕದಲ್ಲಿ ಒಂದು x ಇದ್ದರೆ ಬರುತ್ತದೆ. x e^(x²) ಅನುಕಲಿಸಿದರೆ ½ e^(x²), ಯಾಕೆಂದರೆ x² ನ ಅವಕಲನ 2x. ಹಾಗಾದರೆ x³ ಅನ್ನು x² ಮತ್ತು x ಎಂದು ಕಡಿಯಬೇಕು. x² ಈ ಕಡೆ, x e^(x²) ಆ ಕಡೆ.

½ x² e^(x²) − ∫ x e^(x²) dx

ಉಳಿದದ್ದು ಈಗಷ್ಟೇ ಅನುಕಲಿಸಿದ್ದೇ. ಉತ್ತರ ½ e^(x²) (x² − 1) + C. ಹುಡುಗ ಅದನ್ನು ಒಮ್ಮೆ ಅವಕಲಿಸಿ, x³ e^(x²) ವಾಪಸು ಬಂದದ್ದನ್ನು ಖಾತ್ರಿ ಮಾಡಿಕೊಂಡ. ಆಮೇಲೆ ಪುಟದ ಮೇಲ್ತುದಿಯ ಚೌಕವನ್ನು ಹೊಡೆದುಹಾಕಲಿಲ್ಲ, ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಿಸಿದ: “ಮೊದಲು ಎಲ್ಲಿ ಕಡಿಯೋದು ನೋಡು.”